ಮಾಲು ತಡವಾದಾಗ ಈಮೇಲ್: ಜರ್ಮನಿಗೊಂದು, ಜಪಾನಿಗೊಂದು

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ‘ನೋಡೋಣ್ರಿ’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಶನಿವಾರದೊಳಗ ಆಗ್ತೈತೇನ್ರಿ ಕಾಕಾ?’ ಅಂತ ಕೇಳುತ್ತೀರಿ. ಫೌಂಡ್ರಿಯ ಸೂಪರ್‌ವೈಸರ್ ಕಾಕಾ ಒಮ್ಮೆ ಫರ್ನೇಸ್ ಕಡೆ ನೋಡಿ ‘ನೋಡೋಣ್ರಿ’ ಅನ್ನುತ್ತಾರೆ. ಆಗಲ್ಲ ಅಂತಲೇ ಅರ್ಥ. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಯಾರ ಮನಸ್ಸೂ ಕೆಡುವುದಿಲ್ಲ.

ನಾನು ಎರಕದ ಬಿಡಿಭಾಗಗಳನ್ನು ರಫ್ತು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಹೊರದೇಶದ ಗಿರಾಕಿಗಳ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ‘ನೋಡೋಣ್ರಿ’ಯನ್ನು ಇಂಗ್ಲಿಷ್ ಮಾಡಿ ಜರ್ಮನಿಗೆ ಕಳಿಸಿದೆ. ‘ವಿ ವಿಲ್ ಟ್ರೈ ಅವರ್ ಬೆಸ್ಟ್ ಟು ಡಿಸ್ಪ್ಯಾಚ್ ಬೈ ಮಂತ್ ಎಂಡ್.’ ತಿಂಗಳ ಕೊನೆಗೆ ಆಗುವುದು ಕಷ್ಟ ಅಂತ ನಾನು ಹೇಳಿದ್ದೆ. ಆ ಕಡೆ ಖರೀದಿ ವಿಭಾಗದ ಮೇಡಂ ಅದರಲ್ಲಿ ‘ತಿಂಗಳ ಕೊನೆ’ ಅಷ್ಟನ್ನೇ ಆರಿಸಿಕೊಂಡು ತಮ್ಮ ಪ್ಲಾನಿಂಗ್‌ನಲ್ಲಿ ತುಂಬಿದರು. ಮಾಲು ಹೋಗಲಿಲ್ಲ. ಆಮೇಲೆ ಬಂದ ಮೇಲ್ ಇಷ್ಟೇ: ‘ನೀವು ತಾರೀಖು ಕೊಟ್ಟಿದ್ದಿರಿ. ಮಾಲು ಹೊರಟಿಲ್ಲ. ಯಾಕೆ?’ ಓದಿ ನನಗೆ ಸಿಟ್ಟೇ ಬಂತು. ‘ಮೊದಲೇ ಹೇಳಿದ್ದೆನಲ್ಲ’ ಅಂತ ಹಳೆಯ ಮೇಲ್ ತೆಗೆದು ನೋಡಿದೆ. ಎಲ್ಲೂ ಹೇಳಿರಲಿಲ್ಲ.

ಹೇಳದೇ ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುವ ಮಾತಿನ ರೀತಿ ಒಂದು. ಇರುವುದನ್ನೆಲ್ಲ ಅಕ್ಷರದಲ್ಲೇ ಇಡುವ ರೀತಿ ಇನ್ನೊಂದು. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1970ರ ದಶಕದಲ್ಲಿ ಇವಕ್ಕೆ ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ಅಂತ ಹೆಸರಿಟ್ಟರು. ಜಪಾನ್ ಮೊದಲನೆಯದರ ಕಡೆ, ಜರ್ಮನಿ ಎರಡನೆಯದರ ಕಡೆ. ನಾವು ಜಪಾನಿನ ಹತ್ತಿರ ಜಾಸ್ತಿ. ಆದರೆ ಪೂರ್ತಿ ಅಲ್ಲ. ಅದೇ ತೊಡಕು.

ಎಲ್ಲ ಬಗೆಯ ಈಮೇಲನ್ನೂ ಇಲ್ಲಿ ಹಿಡಿಯಲು ಹೋಗುವುದಿಲ್ಲ. ಮಾಲು ತಡವಾಗುತ್ತದೆ ಅಂತ ತಿಳಿಸುವ ಮೇಲ್ ಒಂದನ್ನೇ ತೆಗೆದುಕೊಳ್ಳುತ್ತೇನೆ. ಬೆಲೆ ಪಟ್ಟಿ ಕಳಿಸುವಾಗ ದನಿ ಸ್ವಲ್ಪ ಆಚೀಚೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಟ್ಟ ಸುದ್ದಿಯಲ್ಲಿ ಆದರೆ ಆರ್ಡರೇ ಹೋಗಬಹುದು.

ಉದಾಹರಣೆಗೆ ನಮ್ಮಲ್ಲೇ ನಡೆದಂಥ ಒಂದು ಪ್ರಸಂಗ ಇಟ್ಟುಕೊಳ್ಳೋಣ. ಅಂಕಿಗಳನ್ನೂ ಆರ್ಡರ್ ನಂಬರನ್ನೂ ಬದಲಿಸಿದ್ದೇನೆ. 400 ಪಂಪ್ ಹೌಸಿಂಗ್ ಆರ್ಡರ್. 2025ರ ಆಗಸ್ಟ್ 8, ಶುಕ್ರವಾರ ಕಾರ್ಖಾನೆಯಿಂದ ಹೊರಡಬೇಕು. ಜುಲೈ 28ರ ಸೋಮವಾರ ಪ್ರೆಶರ್ ಟೆಸ್ಟ್ ಮುಗಿದಾಗ 62 ಪೀಸ್ ಸೋರಿವೆ. ಒಂದನ್ನು ಕತ್ತರಿಸಿ ನೋಡಿದರೆ ಒಳಗೆ ಬ್ಲೋಹೋಲ್, ಅಂದರೆ ಆವಿ ಸಿಕ್ಕಿ ಆದ ತೂತು. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತೇ ಇದೆ. ಎರಕದ ಒಳಗಿನ ಟೊಳ್ಳಿಗಾಗಿ ಅಚ್ಚಿನಲ್ಲಿ ಇಡುವ ಮರಳಿನ ಕೋರ್ ತೇವ ಎಳೆದುಕೊಂಡಿದೆ. ಕಾದ ಲೋಹ ತಾಗಿದ ಕೂಡಲೇ ಆ ತೇವ ಆವಿಯಾಗಿ ಲೋಹದೊಳಗೇ ಸಿಕ್ಕಿಕೊಂಡಿದೆ.

ಮೊದಲು ಶಾಪ್ ಫ್ಲೋರಿಗೆ ಹೋಗಿ

ಕಂಪ್ಯೂಟರ್ ಮುಂದೆ ಕೂರುವ ಮುಂಚೆ ಒಂದು ಹಾಳೆ ಹಿಡಿದು ಒಳಗೆ ಹೋಗಿ. ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಎಷ್ಟು ಪೀಸ್ ಹೋಗುತ್ತವೆ, ಎಷ್ಟು ನಿಲ್ಲುತ್ತವೆ? ಯಾಕೆ ಹೀಗಾಯಿತು? ಇಲ್ಲಿಯವರೆಗೆ ಏನು ಮಾಡಿದ್ದೀರಿ? ಹೊಸ ತಾರೀಖು ಯಾವುದು?

ನಾಲ್ಕನೆಯದಕ್ಕೆ ಉತ್ತರ ‘ಹದಿನೈದು ದಿನದಾಗ ಆಗ್ತೈತ್ರಿ’ ಅಂತಲೇ ಬರುತ್ತದೆ. ಅಲ್ಲಿಗೆ ಬಿಡಬೇಡಿ. ಕೆಲಸವನ್ನು ಬಿಡಿಸಿ ಕೇಳಿ. ಎರಕ ಯಾವ ದಿನ? ಎರಕದ ಅಂಚು ಉಜ್ಜಿ ಶುಚಿ ಮಾಡುವ ಫೆಟ್ಲಿಂಗ್ ಯಾವ ದಿನ? ಮಷಿನಿಂಗಿಗೆ ಎಷ್ಟು ಪಾಳಿ? ಟೆಸ್ಟ್ ಯಾವತ್ತು? ನಮ್ಮ ಪ್ರಸಂಗದಲ್ಲಿ ಎರಕ ಆಗಸ್ಟ್ 5ಕ್ಕೆ, ಟೆಸ್ಟ್ ಆಗಸ್ಟ್ 18ಕ್ಕೆ, ಪ್ಯಾಕಿಂಗ್ ಮುಗಿದು ಹೊರಡುವುದು 22ಕ್ಕೆ. ಈ ಮೂರು ತಾರೀಖು ಕೈಯಲ್ಲಿದ್ದರೆ ಮುಂದಿನ ಮೇಲ್ ಅರ್ಧ ಬರೆದಂತೆಯೇ.

ಇದನ್ನು ದನಿಯ ಪಾಠದಲ್ಲಿ ಯಾಕೆ ಸೇರಿಸಿದೆ ಅಂದರೆ, ನಮ್ಮ ಮೇಲ್‌ಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇರುವುದಕ್ಕೆ ಸಂಕೋಚ ಒಂದೇ ಕಾರಣ ಅಲ್ಲ. ಎಷ್ಟೋ ಸಲ ಬರೆಯುವವರಿಗೇ ತಾರೀಖು ಗೊತ್ತಿರುವುದಿಲ್ಲ. ಅದನ್ನು ಮುಚ್ಚಲು ‘ಅಟ್ ದಿ ಅರ್ಲಿಯೆಸ್ಟ್’ ಅಂತ ಬರೆಯುತ್ತೇವೆ.

ಆಮೇಲೆ ಗಿರಾಕಿಯ ಹಳೆಯ ಐದು ಮೇಲ್ ಓದಿ

ದೇಶದ ಹೆಸರು ನೋಡಿ ದನಿ ತೀರ್ಮಾನಿಸುವುದು ಬೇಡ. ದೇಶ ಒಂದು ಅಂದಾಜು ಕೊಡುತ್ತದೆ ಅಷ್ಟೇ. ಸ್ಟಟ್‌ಗಾರ್ಟ್‌ನ ಹಳೆಯ ಕಂಪನಿಯವರು ‘ಡಿಯರ್ ಮಿಸ್ಟರ್’ ಅಂತ ಶುರು ಮಾಡಬಹುದು. ಬರ್ಲಿನ್ನಿನ ಹೊಸ ಹುಡುಗರು ಮೊದಲ ಮೇಲಿನಲ್ಲೇ ‘ಹಾಯ್’ ಅನ್ನಬಹುದು. ಹತ್ತು ವರ್ಷ ಅಮೆರಿಕದಲ್ಲಿ ಕೆಲಸ ಮಾಡಿ ಹಿಂದಿರುಗಿದ ಜಪಾನಿ ಎಂಜಿನಿಯರ್ ನಿಮಗಿಂತ ನೇರವಾಗಿ ಬರೆಯಬಹುದು.

ಹಳೆಯ ಮೇಲ್‌ಗಳಲ್ಲಿ ನಾನು ಮೂರು ವಿಷಯ ಹುಡುಕುತ್ತೇನೆ. ನನ್ನನ್ನು ಹೇಗೆ ಕರೆದಿದ್ದಾರೆ, ಮೊದಲ ಹೆಸರೋ ಅಡ್ಡಹೆಸರೋ? ಮುಖ್ಯ ಮಾತು ಎಷ್ಟನೇ ಸಾಲಿನಲ್ಲಿದೆ? ಹಿಂದೆ ಯಾವಾಗಲಾದರೂ ನಮಗೆ ‘ಇಲ್ಲ’ ಅಂದಿದ್ದರೆ ಅದನ್ನು ಯಾವ ಮಾತಿನಲ್ಲಿ ಅಂದರು? ಈ ಮೂರನೆಯದೇ ಬಂಗಾರ. ಮನುಷ್ಯ ‘ಇಲ್ಲ’ ಅನ್ನುವ ರೀತಿಯಲ್ಲೇ ಬೇರೆಯವರ ‘ಇಲ್ಲ’ವನ್ನೂ ಓದುತ್ತಾನೆ. ‘ಬೆಲೆ ಜಾಸ್ತಿ, ಒಪ್ಪಲಾಗದು’ ಅಂತ ಬರೆದವರಿಗೆ ನೀವೂ ‘62 ಪೀಸ್ ತಡ’ ಅಂತಲೇ ಬರೆಯಿರಿ. ‘ಈ ಬೆಲೆಯನ್ನು ನಮ್ಮಲ್ಲಿ ಒಪ್ಪಿಸುವುದು ಸ್ವಲ್ಪ ಕಷ್ಟವಾಗಬಹುದು’ ಅಂತ ಬರೆದವರಿಗೆ ಬೇರೆ ದಾರಿ.

ಜರ್ಮನಿಗೆ: ಸುದ್ದಿ ವಿಷಯದ ಸಾಲಿನಲ್ಲೇ

ಮೇಲ್ ಹೋಗುವುದು ಇಂಗ್ಲಿಷಿನಲ್ಲೇ. ಇಲ್ಲಿ ಅದರ ಕನ್ನಡ ರೂಪ ಕೊಡುತ್ತಿದ್ದೇನೆ, ಸಾಲುಗಳ ಕ್ರಮ ನೋಡಿ. ಪಿಒ ಅಂದರೆ ಪರ್ಚೇಸ್ ಆರ್ಡರ್.

> ವಿಷಯ: ಪಿಒ 4471, ಪಂಪ್ ಹೌಸಿಂಗ್: 62 ಪೀಸ್ ತಡ, ಹೊಸ ತಾರೀಖು 22 ಆಗಸ್ಟ್
>
> ಪಿಒ 4471ರ 400 ಪೀಸ್‌ಗಳಲ್ಲಿ 338 ಪೀಸ್ ಒಪ್ಪಿದಂತೆ 8 ಆಗಸ್ಟ್ 2025ಕ್ಕೆ, ಅಂದರೆ 32ನೇ ವಾರ, ಹೊರಡುತ್ತವೆ. 62 ಪೀಸ್ 8ಕ್ಕೆ ಹೊರಡುವುದಿಲ್ಲ. ಅವುಗಳ ಹೊಸ ತಾರೀಖು 22 ಆಗಸ್ಟ್, 34ನೇ ವಾರ.
>
> ಕಾರಣ: ಪ್ರೆಶರ್ ಟೆಸ್ಟಿನಲ್ಲಿ 62 ಪೀಸ್ ಸೋರಿದವು. ಕೋರ್‌ನಲ್ಲಿ ತೇವ ಉಳಿದು ಒಳಗೆ ಬ್ಲೋಹೋಲ್ ಆಗಿವೆ.
>
> ಈವರೆಗೆ ಮಾಡಿದ್ದು: 400 ಪೀಸನ್ನೂ ಟೆಸ್ಟ್ ಮಾಡಿದ್ದೇವೆ. ಸೋರಿದ 62ನ್ನು ಬೇರ್ಪಡಿಸಿ ಸ್ಕ್ರ್ಯಾಪ್ ಮಾಡಿದ್ದೇವೆ. ಇನ್ನು ಮುಂದೆ ಕೋರ್‌ಗಳನ್ನು ಓವನ್‌ನಲ್ಲಿ ಮತ್ತೆ ಒಣಗಿಸಿ ಅದೇ ಪಾಳಿಯಲ್ಲಿ ಎರಕ ಹೊಯ್ಯುತ್ತೇವೆ.
>
> ಹೊಸ ಎರಕ 5 ಆಗಸ್ಟ್‌ಗೆ, ಟೆಸ್ಟ್ 18 ಆಗಸ್ಟ್‌ಗೆ. 22ರ ತಾರೀಖನ್ನು 18ರ ಸಂಜೆ ಖಚಿತ ಮಾಡಿ ಬರೆಯುತ್ತೇನೆ.
>
> ನಿಮ್ಮಿಂದ ಬೇಕಾದ್ದು: ಎರಡು ಕಂತಿನಲ್ಲಿ ಕಳಿಸಲು ಒಪ್ಪಿಗೆ ಇದೆಯೇ? 6 ಆಗಸ್ಟ್ ಬುಧವಾರದೊಳಗೆ ತಿಳಿಸಿ.
>
> ತಡಕ್ಕೆ ಕ್ಷಮೆ ಇರಲಿ.

ಹೋದದ್ದನ್ನು ಮೊದಲು ಹೇಳಿ ನಿಂತದ್ದನ್ನು ಆಮೇಲೆ ಹೇಳಿದ್ದು ಸಿಹಿ ಸವರಲು ಅಲ್ಲ. ತಮ್ಮ ಅಸೆಂಬ್ಲಿ ಲೈನ್ 338ರಲ್ಲಿ ಎಷ್ಟು ದಿನ ಓಡುತ್ತದೆ ಅಂತ ಆ ಮೇಡಂ ಮೊದಲು ಲೆಕ್ಕ ಹಾಕುತ್ತಾರೆ. ವಾರದ ನಂಬರ್ ಕೊಟ್ಟದ್ದೂ ಅದಕ್ಕೇ. ಜರ್ಮನಿಯ ಕಾರ್ಖಾನೆಗಳಲ್ಲಿ ಯೋಜನೆ ನಡೆಯುವುದು ಕ್ಯಾಲೆಂಡರಿನ ವಾರದ ಮೇಲೆ. ಅವರ ಮೇಲಿನಲ್ಲಿ ‘ಕೆಡಬ್ಲ್ಯೂ 34’ ಅಂತ ಕಂಡರೆ ಅದು ಪಾರ್ಟ್ ನಂಬರ್ ಅಲ್ಲ, 34ನೇ ವಾರ. ನಾನು ಒಂದು ಸಲ ಆ ನಂಬರನ್ನು ಡ್ರಾಯಿಂಗಿನಲ್ಲಿ ಹುಡುಕಿದ್ದೇನೆ, ಹೇಳಿಕೊಳ್ಳಲು ನಾಚಿಕೆ.

ಈ ಮೇಲಿನಲ್ಲಿ ಎಲ್ಲಕ್ಕಿಂತ ಉಪಯೋಗದ ಸಾಲು ‘18ರ ಸಂಜೆ ಖಚಿತ ಮಾಡುತ್ತೇನೆ’ ಅನ್ನುವುದು. 22 ಪಕ್ಕಾ ಇಲ್ಲ ಅಂತ ನಿಮಗೂ ಗೊತ್ತು. ಮತ್ತೆ ಒಂದಿಷ್ಟು ಸೋರಿದರೆ? ನಮ್ಮ ಅಭ್ಯಾಸದ ಪ್ರಕಾರ ಆ ಅನುಮಾನವನ್ನು ಕ್ರಿಯಾಪದಕ್ಕೆ ಅಂಟಿಸುತ್ತೇವೆ: ‘ಪ್ರಯತ್ನಿಸುತ್ತೇವೆ’, ‘ಆಗಬಹುದು’, ‘ಹೋಪ್‌ಫುಲಿ’. ಓದುವವರು ಅದನ್ನು ಬಿಟ್ಟು ತಾರೀಖನ್ನಷ್ಟೇ ಎತ್ತಿಕೊಳ್ಳುತ್ತಾರೆ. ಹಾಗಾಗಿ ಅನುಮಾನವನ್ನು ಇನ್ನೊಂದು ತಾರೀಖಿಗೆ ಸಾಗಿಸಿ. ಯೋಜನೆಯ ತಾರೀಖು ಒಂದು, ಅದು ಖಚಿತವಾಗುವ ತಾರೀಖು ಇನ್ನೊಂದು. ಎರಡೂ ಅಕ್ಷರದಲ್ಲಿ ಇದ್ದರೆ ಗೊಂದಲ ಇರುವುದಿಲ್ಲ. 18ರ ಸಂಜೆ ಮಾತ್ರ ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೇಲ್ ಹೋಗಲೇಬೇಕು. ತಪ್ಪಿದರೆ ಮೊದಲ ತಡಕ್ಕಿಂತ ಅದೇ ದೊಡ್ಡ ತಪ್ಪಾಗುತ್ತದೆ.

ಕ್ಷಮೆ ಒಂದೇ ಸಲ. ‘ಆದ ತೊಂದರೆಗೆ ತುಂಬಾ ತುಂಬಾ ಕ್ಷಮಿಸಿ’ ಅಂತ ಮೂರು ಸಲ ಬರೆದರೆ ಅವರಿಗೆ ಅದು ಕಾರಣ ಮುಚ್ಚಿಡುವ ಪರದೆಯಂತೆ ಕಾಣುತ್ತದೆ.

ಕಾರಣದ ಸಾಲಿನಲ್ಲಿ ಮಳೆಗಾಲದ ಹೆಸರು ಎತ್ತಿಲ್ಲ, ಗಮನಿಸಿದಿರಾ? ಒಂದು ಸಲ ಎತ್ತಿದ್ದೆ. ‘ಭಾರೀ ಮಳೆಯಿಂದಾಗಿ’ ಅಂತ. ಉತ್ತರ ಬಂತು: ‘ನಿಮ್ಮಲ್ಲಿ ಮಳೆಗಾಲ ಪ್ರತಿವರ್ಷ ಬರುವುದಿಲ್ಲವೇ?’ ಅದನ್ನು ಮಾಲೀಕರಿಗೆ ತೋರಿಸಿದೆ. ಓದಿ ನಕ್ಕು, ‘ಖರೇನ ಕೇಳ್ಯಾರಲ್ಲೋ ತಮ್ಮಾ’ ಅಂದರು. ಆ ಪ್ರಶ್ನೆಯಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇರಲಿಲ್ಲ ಅಂತಲೇ ಅಂದುಕೊಂಡು ಉತ್ತರ ಬರೆದೆ. ಜರ್ಮನ್, ಡಚ್ ಗಿರಾಕಿಗಳ ಜೊತೆ ಇದು ಒಳ್ಳೆಯ ರೂಢಿ. ಅವರ ನೇರ ಪ್ರಶ್ನೆ ಬೈಗುಳದಂತೆ ಕಂಡರೂ ಅದನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ಅಂಕಿಯಲ್ಲಿ ಉತ್ತರಿಸಿ. ಡಚ್ಚರಂತೂ ಜರ್ಮನ್ನರಿಗಿಂತಲೂ ನೇರ, ಹೆಸರು ಹಿಡಿದು ಕರೆದು ‘ಇದು ಸರಿಯಿಲ್ಲ’ ಅನ್ನುತ್ತಾರೆ. ಮುಂದಿನ ಸಾಲಿನಲ್ಲೇ ವಾರಾಂತ್ಯ ಚೆನ್ನಾಗಿರಲಿ ಅಂತಲೂ ಬರೆದಿರುತ್ತಾರೆ.

ದೋಷ ದೊಡ್ಡದಾಗಿದ್ದರೆ 8ಡಿ ವರದಿ ಕೇಳಬಹುದು. ವಾಹನ ಉದ್ಯಮದಿಂದ ಬಂದ ಎಂಟು ಹಂತದ ನಮೂನೆ ಅದು. ಎಂಟೂ ತುಂಬುವವರೆಗೆ ಸುಮ್ನೆ ಕೂರಬೇಡಿ. ಮೂರನೇ ಹಂತ, ಅಂದರೆ ಕೆಟ್ಟ ಮಾಲು ಗಿರಾಕಿಯ ಕೈಗೆ ಹೋಗದಂತೆ ಈಗ ಏನು ತಡೆ ಹಾಕಿದ್ದೀರಿ ಅನ್ನುವುದು, ಅವರಿಗೆ ಎಲ್ಲಕ್ಕಿಂತ ಮೊದಲು ಬೇಕು. ಮೂಲ ಕಾರಣ ಆಮೇಲೆ ಬಂದರೂ ನಡೆಯುತ್ತದೆ.

ಜಪಾನಿಗೆ: ಮೊದಲೇ ಸುಳಿವು, ಆಮೇಲೆ ವಿವರ

ಇದೇ 62 ಪೀಸ್ ಜಪಾನಿನ ಗಿರಾಕಿಯದಾಗಿದ್ದರೆ ಕೆಲಸ ಜುಲೈ 28ಕ್ಕಿಂತ ಮುಂಚೆಯೇ ಶುರುವಾಗಬೇಕಿತ್ತು. ಮೊದಲ ಹತ್ತು ಪೀಸ್ ಸೋರಿದ ದಿನವೇ.

ಜಪಾನಿನ ಕಚೇರಿಗಳಲ್ಲಿ ‘ಹೋರೆನ್‌ಸೋ’ ಅಂತ ಒಂದು ಮಾತಿದೆ. ವರದಿ ಮಾಡು, ತಿಳಿಸು, ಸಲಹೆ ಕೇಳು ಅನ್ನುವ ಮೂರು ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು. ಪಾಲಕ್ ಸೊಪ್ಪಿಗೂ ಅಲ್ಲಿ ಇದೇ ಹೆಸರು, ಹಾಗಾಗಿ ಹೊಸ ನೌಕರರಿಗೆ ಮರೆಯುವುದಿಲ್ಲ. ಎಲ್ಲ ಗೊತ್ತಾದ ಮೇಲೆ ಒಂದೇ ಸಲ ಹೇಳೋಣ ಅನ್ನುವುದು ಅಲ್ಲಿ ನಡೆಯುವುದಿಲ್ಲ. ‘ಟೆಸ್ಟಿನಲ್ಲಿ ಕೆಲವು ಪೀಸ್ ಸೋರಿವೆ, ಪೂರ್ತಿ ಲೆಕ್ಕ ಸೋಮವಾರ ಕೊಡುತ್ತೇವೆ’ ಅಂತ ಎರಡು ಸಾಲು ಮೊದಲೇ ಹೋಗಬೇಕು. ನಡುವೆ ಟ್ರೇಡಿಂಗ್ ಕಂಪನಿ ಇದ್ದರೆ ಅಲ್ಲಿಯ ನಿಮ್ಮ ಪರಿಚಯದವರಿಗೆ ಮೊದಲು ಫೋನ್ ಮಾಡಿ. ಅವರಿಗೆ ಗೊತ್ತಿಲ್ಲದ ಸುದ್ದಿ ಅವರ ಮೇಲಿನವರ ಇನ್‌ಬಾಕ್ಸಿಗೆ ನೇರ ಬೀಳಬಾರದು. ಅಲ್ಲಿಯ ಜನ ಇದಕ್ಕೆ ‘ನೆಮವಾಶಿ’ ಅನ್ನುತ್ತಾರೆ. ಗಿಡವನ್ನು ಕಿತ್ತು ಬೇರೆಡೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಸಡಿಲಿಸಿ ಸಿದ್ಧ ಮಾಡುವ ಕೆಲಸದ ಹೆಸರು ಅದು.

ಆಮೇಲೆ ಪೂರ್ತಿ ಮೇಲ್:

> ವಿಷಯ: ಪಿಒ 4471, ಪಂಪ್ ಹೌಸಿಂಗ್ ರವಾನೆ ಕುರಿತು ಕ್ಷಮೆ ಮತ್ತು ಸಲಹೆಗಾಗಿ ಕೋರಿಕೆ
>
> ನಿಮ್ಮ ನಿರಂತರ ಸಹಕಾರಕ್ಕೆ ಧನ್ಯವಾದಗಳು. ಬೆಳಗಾವಿಯಿಂದ ಬರೆಯುತ್ತಿದ್ದೇನೆ.
>
> ಕಳೆದ ಗುರುವಾರ ತಿಳಿಸಿದ ವಿಷಯದ ಪೂರ್ಣ ವರದಿ ಇದು. 400 ಪೀಸ್‌ಗಳಲ್ಲಿ 62 ಪೀಸ್ ಪ್ರೆಶರ್ ಟೆಸ್ಟಿನಲ್ಲಿ ಸೋರಿವೆ. ಕೋರ್‌ಗಳ ತೇವದ ಮೇಲೆ ನಾವು ಇಟ್ಟಿದ್ದ ನಿಗಾ ಸಾಲದಾಯಿತು. ನಿಮ್ಮ ಯೋಜನೆಗೆ ತೊಂದರೆ ಮಾಡಿದ್ದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ.
>
> ಫೋಟೋ, ಟೆಸ್ಟ್ ದಾಖಲೆ ಮತ್ತು ಕಾರಣದ ವಿಶ್ಲೇಷಣೆಯನ್ನು ಲಗತ್ತಿಸಿದ್ದೇವೆ.
>
> ನಾವು ಎರಡು ದಾರಿ ಯೋಚಿಸಿದ್ದೇವೆ. ಮೊದಲನೆಯದು, 338 ಪೀಸ್ 8 ಆಗಸ್ಟ್‌ಗೆ, 62 ಪೀಸ್ 22 ಆಗಸ್ಟ್‌ಗೆ. ಎರಡನೆಯದು, 400 ಪೀಸನ್ನೂ ಒಟ್ಟಿಗೆ 22 ಆಗಸ್ಟ್‌ಗೆ. ನಿಮ್ಮ ಉತ್ಪಾದನೆಗೆ ಯಾವುದು ಕಡಿಮೆ ಹೊರೆ ಅಂತ ದಯವಿಟ್ಟು ಸಲಹೆ ಕೊಡಿ.
>
> ಮತ್ತೊಮ್ಮೆ ಕ್ಷಮೆ ಕೇಳುತ್ತಾ, ನಿಮ್ಮ ಮಾರ್ಗದರ್ಶನ ಕೋರುತ್ತೇವೆ.

ಹೆಸರು ಕರೆಯುವಾಗ ಅಡ್ಡಹೆಸರಿನ ಜೊತೆ ‘ಸಾನ್’ ಹಚ್ಚಿ. ನಿಮ್ಮ ಹೆಸರಿಗೆ ನೀವೇ ಹಚ್ಚಿಕೊಳ್ಳಬೇಡಿ, ಅದು ಬೇರೆಯವರಿಗೆ ಕೊಡುವ ಗೌರವ. ಮೊದಲ ಸಾಲಿನ ‘ನಿರಂತರ ಸಹಕಾರಕ್ಕೆ ಧನ್ಯವಾದ’ ಜಪಾನಿ ವ್ಯಾಪಾರ ಪತ್ರದ ರೂಢಿಯ ಸಾಲಿನ ಇಂಗ್ಲಿಷ್ ರೂಪ. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು ಕೊಟ್ಟು ಮಾತು ತೆಗೆದ ಹಾಗೆ. ಜರ್ಮನಿಯ ಮೇಲಿನಲ್ಲಿ ಇದು ಇಲ್ಲದಿದ್ದರೂ ಯಾರಿಗೂ ಬೇಕೆನಿಸುವುದಿಲ್ಲ. ಇಲ್ಲಿ ಇಲ್ಲದಿದ್ದರೆ ಬಾಗಿಲಲ್ಲೇ ನಿಂತು ಮಾತಾಡಿದಂತೆ ಇರುತ್ತದೆ.

ಕಾರಣದ ಸಾಲನ್ನು ಎರಡೂ ಮೇಲಿನಲ್ಲಿ ಹೋಲಿಸಿ ನೋಡಿ. ಜರ್ಮನಿಗೆ ‘ಕೋರ್‌ನಲ್ಲಿ ತೇವ ಉಳಿದಿತ್ತು’ ಅಂದರೆ ಸಾಕು. ಅದು ತಾಂತ್ರಿಕ ಕಾರಣ. ಜಪಾನಿಗೆ ‘ನಮ್ಮ ನಿಗಾ ಸಾಲದಾಯಿತು’ ಅಂತ ಮೊದಲು ಬರಬೇಕು. ಹೊಣೆ ಹೊರದೆ ಕಾರಣ ಹೇಳಿದರೆ ಅಲ್ಲಿ ಅದು ನೆಪ ಆಗುತ್ತದೆ. ತಾಂತ್ರಿಕ ವಿವರ ಬೇಡ ಅಂತಲ್ಲ, ಜರ್ಮನ್ನರಿಗಿಂತಲೂ ಜಾಸ್ತಿ ಕೇಳುತ್ತಾರೆ. ಆದರೆ ಅದು ಲಗತ್ತಿನಲ್ಲಿ ಇರಲಿ. ನಿಮ್ಮ ಮೇಲ್ ಅಲ್ಲಿ ಹಲವರ ಕೈ ದಾಟುತ್ತದೆ, ಒಪ್ಪಿಗೆ ಒಬ್ಬರಿಂದ ಸಿಗುವುದಿಲ್ಲ. ನಿಮ್ಮ ಪರವಾಗಿ ಒಳಗೆ ಮಾತಾಡಬೇಕಾದವರ ಕೈಗೆ ಫೋಟೋ, ಅಂಕಿ ಕೊಟ್ಟಿರಬೇಕು. ಇದೇ ಕಾರಣಕ್ಕೆ ಮರುದಿನ ಬೆಳಿಗ್ಗೆಯೇ ‘ಏನಾಯಿತು?’ ಅಂತ ಕೇಳಬೇಡಿ.

‘ಆಗುತ್ತದೋ ಇಲ್ಲವೋ’ ಅಂತ ಕೇಳದೆ ಎರಡು ದಾರಿ ಇಟ್ಟದ್ದಕ್ಕೂ ಕಾರಣವಿದೆ. ‘ಇಲ್ಲ’ ಅಂತ ಬಾಯಿಬಿಟ್ಟು ಹೇಳುವ ಕಷ್ಟ ಅವರಿಗೆ ತಪ್ಪುತ್ತದೆ. ಒಂದನ್ನು ಆರಿಸಿದರೆ ಸಾಕು. ಉತ್ತರ ‘ಎರಡನೆಯದು ಸ್ವಲ್ಪ ಕಷ್ಟ’ ಅಂತ ಬಂದರೆ ಎರಡನೆಯದು ಆಗಲ್ಲ ಅಂತಲೇ. ‘ಸ್ವಲ್ಪ’ ನೋಡಿ ಚೌಕಾಸಿಗೆ ಇಳಿಯಬೇಡಿ. ‘ಒಳಗೆ ಪರಿಶೀಲಿಸುತ್ತೇವೆ’ ಅಂತ ಬಂದರೆ ಇನ್ನೂ ಹುಷಾರು. ಕೆಲವು ಸಲ ನಿಜವಾಗಿ ಪರಿಶೀಲಿಸುತ್ತಾರೆ, ಕೆಲವು ಸಲ ಅದು ಮರ್ಯಾದೆಯ ನಿರಾಕರಣೆ. ಹೇಗೆ ತಿಳಿಯುವುದು? ಪರಿಶೀಲಿಸುವವರು ಪ್ರಶ್ನೆ ಕೇಳುತ್ತಾರೆ: ಯಾವ ಬ್ಯಾಚ್, ಎಷ್ಟು ಒತ್ತಡದಲ್ಲಿ ಟೆಸ್ಟ್, ಫೋಟೋ ಎಲ್ಲಿಂದ ತೆಗೆದದ್ದು. ಪ್ರಶ್ನೆ ಬರದೆ ವಾರ ಕಳೆದರೆ ಉತ್ತರ ಬಂದಾಗಿದೆ. ಇದನ್ನು ಕಾಕಾನಿಗೆ ವಿವರಿಸಿದಾಗ ಅವರು ಬೀಡಿ ಹಚ್ಚುತ್ತಾ, ‘ಅಂದ್ರ ಅವ್ರೂ ನೋಡೋಣ್ರಿ ಅಂತಾರೇನು?’ ಅಂತ ಕೇಳಿದರು. ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಒಂದು ಕ್ಯಾಲೆಂಡರ್ ವಿಷಯ. ಆಗಸ್ಟ್ 13ರಿಂದ 16ರ ಸುಮಾರಿಗೆ ಜಪಾನಿನಲ್ಲಿ ಓಬೋನ್ ಹಬ್ಬ. ಹಿರಿಯರನ್ನು ನೆನೆಯುವ ಹಬ್ಬ, ಬಹಳ ಕಾರ್ಖಾನೆಗಳು ಮುಚ್ಚಿರುತ್ತವೆ. ನಮ್ಮ ಪ್ರಸಂಗದಲ್ಲಿ ಒಪ್ಪಿಗೆ ಅದಕ್ಕೆ ಮೊದಲೇ ಬರಬೇಕು. ಜರ್ಮನಿಯಲ್ಲೂ ಆಗಸ್ಟ್‌ನಲ್ಲಿ ಎಷ್ಟೋ ಜನ ಎರಡು ಮೂರು ವಾರ ರಜೆ ಹಾಕುತ್ತಾರೆ. ಆಟೋ ರಿಪ್ಲೈಯಲ್ಲಿ ಬದಲಿಯವರ ಹೆಸರು ಇರುತ್ತದೆ. ಅವರಿಗೆ ಬರೆಯಿರಿ, ರಜೆಯಲ್ಲಿ ಇರುವವರಿಗೆ ಫೋನ್ ಮಾಡಬೇಡಿ.

ಇಂಗ್ಲೆಂಡ್ ಮತ್ತು ಅಮೆರಿಕ: ಒಂದೇ ಭಾಷೆ, ಎರಡು ಅಳತೆ

ಇವರಿಗೆ ಮೇಲಿನ ಜರ್ಮನ್ ನಮೂನೆಯನ್ನೇ ಸ್ವಲ್ಪ ಮೆತ್ತಗೆ ಮಾಡಿದರೆ ಸಾಕು. ಇಬ್ಬರಿಗೂ ಮೊದಲ ಹೆಸರು ಬಳಸಬಹುದು. ಅಮೆರಿಕದವರಿಗೆ ಕಾರಣ ಎರಡು ಸಾಲು ಸಾಕು, ‘ಮುಂದೇನು ಮಾಡುತ್ತಿದ್ದೀರಿ’ ಅನ್ನುವುದಕ್ಕೆ ಜಾಗ ಜಾಸ್ತಿ ಕೊಡಿ. ಬರೆಯುವುದಕ್ಕಿಂತ ಅವರು ಬರೆದದ್ದನ್ನು ಓದುವುದರಲ್ಲಿ ನಾವು ಎಡವುವುದೇ ಜಾಸ್ತಿ.

ಇಂಗ್ಲೆಂಡಿನವರು ಸಿಟ್ಟನ್ನು ಇಳಿಸಿ ಬರೆಯುತ್ತಾರೆ. ‘ಐ ಆಮ್ ಎ ಬಿಟ್ ಕನ್ಸರ್ನ್ಡ್’ ಅಂತ ಬಂದರೆ ‘ಎ ಬಿಟ್’ ಅನ್ನು ಒರೆಸಿ ಓದಿ. ‘ಪರ್ಹ್ಯಾಪ್ಸ್ ಯು ಕುಡ್ ಚೆಕ್’ ಅಂದರೆ ಚೆಕ್ ಮಾಡಿ, ಇವತ್ತೇ. ಅಮೆರಿಕದವರು ಹೊಗಳಿಕೆ ಏರಿಸಿ ಬರೆಯುತ್ತಾರೆ. ‘ಗ್ರೇಟ್ ಜಾಬ್, ಜಸ್ಟ್ ಒನ್ ಸ್ಮಾಲ್ ಥಿಂಗ್’ ಅಂತ ಬಂದರೆ ಮೇಲ್ ಇರುವುದೇ ಆ ‘ಸ್ಮಾಲ್ ಥಿಂಗ್’ಗಾಗಿ. ‘ಕ್ವೈಟ್ ಗುಡ್’ ಅನ್ನುವುದು ಅಮೆರಿಕದಲ್ಲಿ ತುಂಬಾ ಚೆನ್ನಾಗಿದೆ ಅಂತ, ಇಂಗ್ಲೆಂಡಿನಲ್ಲಿ ಬಹಳ ಸಲ ಪರವಾಗಿಲ್ಲ ಅಂತ. ‘ಟೇಬಲ್ ಮಾಡೋಣ’ ಅಂದರೆ ಇಂಗ್ಲೆಂಡಿನಲ್ಲಿ ಈಗ ಚರ್ಚೆಗೆ ತರೋಣ, ಅಮೆರಿಕದಲ್ಲಿ ಈಗ ಬೇಡ ಮುಂದೆ ಹಾಕೋಣ. ಎರಡನೇ ಮಹಾಯುದ್ಧದ ಸಭೆಯಲ್ಲಿ ಎರಡೂ ದೇಶದ ಅಧಿಕಾರಿಗಳು ಇದೇ ಪದಕ್ಕೆ ಜಗಳವಾಡಿದ್ದನ್ನು ಚರ್ಚಿಲ್ ಬರೆದಿಟ್ಟಿದ್ದಾರೆ. ಆಮೇಲೆ ನೋಡಿದರೆ ಇಬ್ಬರಿಗೂ ಬೇಕಿದ್ದದ್ದು ಒಂದೇ.

ಜರ್ಮನಿ, ಜಪಾನ್, ಅಮೆರಿಕದವರು ಮೂವರೂ ಸಿಸಿಯಲ್ಲಿ ಇದ್ದರೆ? ಆಗ ಎಲ್ಲವನ್ನೂ ಅಕ್ಷರದಲ್ಲೇ ಇಡುವ ಈಮೇಲನ್ನೇ ಬರೆಯಿರಿ. ಮೇಲೆ ಒಂದು ಸೌಜನ್ಯದ ಸಾಲು, ಉಳಿದದ್ದು ಸ್ಪಷ್ಟ. ಜಪಾನಿನವರಿಗೆ ಹೇಳಬೇಕಾದ ಹೆಚ್ಚಿನ ಮಾತನ್ನು ಬೇರೆ ಮೇಲಿನಲ್ಲಿ, ಅದೂ ಅರ್ಧ ದಿನ ಮೊದಲು ಕಳಿಸಿ.

ಕಳಿಸುವ ಮುಂಚೆ ಒಮ್ಮೆ ಜರಡಿ ಹಿಡಿಯಿರಿ

ನಮ್ಮ ಕಚೇರಿ ಇಂಗ್ಲಿಷಿನ ಕೆಲವು ಪದ ಗಡಿ ದಾಟಿದರೆ ಅರ್ಥ ಬದಲಿಸುತ್ತವೆ. ‘ಐ ಹ್ಯಾವ್ ಎ ಡೌಟ್ ಇನ್ ಡ್ರಾಯಿಂಗ್’ ಅಂತ ಬರೆದರೆ, ನಿಮ್ಮ ಡ್ರಾಯಿಂಗ್ ಮೇಲೆ ನಂಬಿಕೆ ಇಲ್ಲ ಅಂತ ಓದುತ್ತಾರೆ. ‘ಕ್ವೆಶ್ಚನ್’ ಅನ್ನಿ. ‘ರಿವರ್ಟ್’ ಅಂದರೆ ಅವರಿಗೆ ಹಿಂದಿನ ಸ್ಥಿತಿಗೆ ಮರಳಿಸು ಅಂತ. ರಿವಿಷನ್ ಆದ ಡ್ರಾಯಿಂಗಿನ ಬಗ್ಗೆ ‘ಪ್ಲೀಸ್ ರಿವರ್ಟ್’ ಅಂತ ಬರೆದರೆ ಹಳೆಯ ರಿವಿಷನ್ ಬೇಕೇನೋ ಅಂದುಕೊಂಡಾರು. ‘ಡು ದ ನೀಡ್‌ಫುಲ್’ ಬರೆದರೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಆ ‘ನೀಡ್‌ಫುಲ್’ ಏನೆಂದು ಬಿಡಿಸಿ ಬರೆಯಿರಿ. ‘ಲ್ಯಾಕ್’, ‘ಕ್ರೋರ್’ ಕೂಡ ಬೇಡ.

ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 8/6 ಅಂತ ಬರೆದರೆ ನಮಗೂ ಇಂಗ್ಲೆಂಡಿಗೂ ಜೂನ್ 8, ಅಮೆರಿಕಕ್ಕೆ ಆಗಸ್ಟ್ 6. ಜರ್ಮನಿಯಲ್ಲಿ ಅಂಕಿಯ ಚುಕ್ಕೆ, ಅಲ್ಪವಿರಾಮ ಅದಲು ಬದಲು. ಅವರ 1.250 ಅಂದರೆ ಸಾವಿರದ ಇನ್ನೂರ ಐವತ್ತು. ಗೇಜಿನ ಅಳತೆ ಬರೆಯುವಾಗ ಇದು ಕೈ ಕೊಡುತ್ತದೆ.

ದನಿ ತಪ್ಪಿದೆ ಅಂತ ಹೇಗೆ ತಿಳಿಯುತ್ತದೆ

ಯಾರೂ ‘ನಿಮ್ಮ ದನಿ ಸರಿಯಿಲ್ಲ’ ಅಂತ ಬರೆಯುವುದಿಲ್ಲ. ಬೇರೆ ಗುರುತು ನೋಡಬೇಕು. ಜರ್ಮನಿಯವರು ಅದೇ ಪ್ರಶ್ನೆಯನ್ನು ಎರಡನೇ ಸಲ, ನಂಬರ್ ಹಾಕಿ ಕೇಳಿದರೆ ನಿಮ್ಮ ಮೊದಲ ಉತ್ತರದಲ್ಲಿ ಉತ್ತರ ಇರಲಿಲ್ಲ. ಅವರ ನಂಬರನ್ನೇ ಹಿಡಿದು ಒಂದೊಂದಕ್ಕೂ ಕೆಳಗೇ ಉತ್ತರಿಸಿ. ಇಷ್ಟು ದಿನ ಮೊದಲ ಹೆಸರಿನಿಂದ ಕರೆಯುತ್ತಿದ್ದ ಇಂಗ್ಲೆಂಡಿನವರು ಒಮ್ಮೆಲೇ ‘ಮಿಸ್ಟರ್’ಗೆ ಹೋದರೆ, ಅಥವಾ ‘ಕೈಂಡ್ ರಿಗಾರ್ಡ್ಸ್’ ಬರೀ ‘ರಿಗಾರ್ಡ್ಸ್’ ಆದರೆ, ಹಿಂದಿನ ಮೇಲನ್ನು ತೆಗೆದು ಓದಿ. ಜಪಾನಿನ ಉತ್ತರಗಳು ಗಿಡ್ಡವಾಗುತ್ತಾ ಹೋದರೆ, ಸಿಸಿಯಲ್ಲಿ ಹೊಸ ಹಿರಿಯ ಹೆಸರು ಸೇರಿದರೆ, ಅಲ್ಲಿ ವಿಷಯ ಮೇಲಕ್ಕೆ ಹೋಗಿದೆ.

ಅಂಥ ಹೊತ್ತಿನಲ್ಲಿ ಇನ್ನೊಂದು ಉದ್ದನೆಯ ಮೇಲ್ ಬರೆದು ಕೆಡಿಸಬೇಡಿ, ಫೋನ್ ಮಾಡಿ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಜಪಾನ್ ವರ್ಷವಿಡೀ ಮೂರೂವರೆ ಗಂಟೆ ಮುಂದೆ. ಅಂದರೆ ಜಪಾನಿನ ಫೋನ್ ನಮ್ಮ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಬೇಕು, ಜರ್ಮನಿಯದು ಊಟದ ನಂತರ. ಮಾತು ಮುಗಿದ ಅರ್ಧ ಗಂಟೆಯೊಳಗೆ, ಒಪ್ಪಿದ ತಾರೀಖು ಮತ್ತು ಪೀಸ್ ಎಣಿಕೆಯನ್ನು ಮೂರು ಸಾಲಿನಲ್ಲಿ ಬರೆದು ಅದೇ ಹಳೆಯ ಮೇಲಿಗೆ ರಿಪ್ಲೈ ಮಾಡಿ. ಹೊಸ ವಿಷಯದ ಸಾಲು ತೆರೆಯಬೇಡಿ, ಆ ಕಡೆಯವರು ಪಿಒ 4471 ಅಂತಲೇ ಹುಡುಕುತ್ತಾರೆ.